ನಿಮ್ಮ ಟೆರೇಸ್ ಮೇಲೆ ಟ್ಯಾಂಕ್ ಇಡೋ ವಿಚಾರ

ನಮಸ್ಕಾರ ಸರ್,

ಭಾನುವಾರ ಬಂದು ನೋಡಿದ್ನಲ್ಲ, ಅದರ ಬಗ್ಗೆನೇ ಬರೀತಿದೀನಿ. 2000 ಲೀಟರ್ ಟ್ಯಾಂಕ್ ಈಗ್ಲೇ ಸ್ಲ್ಯಾಬ್ ನಡುವೆ ಇಡಿಸ್ಬೇಡಿ, ದಯವಿಟ್ಟು. ನೀರೊಂದೇ 2 ಟನ್ ಆಗತ್ತೆ, ಅದೂ ಒಂದೂವರೆ ಚದರ ಮೀಟರ್ ಜಾಗದಲ್ಲಿ, ಜನ ಓಡಾಡೋ ಟೆರೇಸಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಅಷ್ಟೇ ಲೆಕ್ಕ ಹಾಕಿರ್ತಾರೆ.

ಅಡುಗೆಮನೆ ಸೀಲಿಂಗಲ್ಲಿ ಪ್ಲಾಸ್ಟರ್ ಉದುರಿ ಕಂಬಿ ಕಾಣ್ತಿದೆ ನೋಡಿ, ತುಕ್ಕು ಪದರ ಪದರವಾಗಿ ಕೈಗೇ ಬಂತು, ಸುತ್ತ ಸುತ್ತಿಗೆಯಲ್ಲಿ ತಟ್ಟಿದ್ರೆ ಟೊಳ್ಳು ಸದ್ದು. ನಂಗೆ ಭಯ ಆಗಿದ್ದು ಅದಕ್ಕೇ. ಕೆಳಗೆ ಅಮ್ಮ ದಿನವಿಡೀ ನಿಂತಿರೋ ಜಾಗ ಅದು.

ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಚೆಕ್ ಮಾಡ್ಸಿ, ರಿಪೇರಿ ಆಗ್ಲಿ. ಆಮೇಲೆ ಅವರು ಸರಿ ಅಂದ್ರೆ ಎರಡು ಗೋಡೆ ಮೇಲೆ ಕೂರೋ ಹಾಗೆ ಸ್ಟೀಲ್ ಬೀಮ್ ಹಾಕಿ ಅದರ ಮೇಲೆ ಟ್ಯಾಂಕ್ ಇಡಬಹುದು, ಭಾರ ಸ್ಲ್ಯಾಬಿಗೆ ಬೀಳದೆ ಸೀದಾ ಗೋಡೆಗೆ ಹೋಗತ್ತೆ.

ಟೆರೇಸ್ ಮೇಲೆ ತೋಟಕ್ಕೆ ಅಂತ ಒಂದಡಿ ಮಣ್ಣು ತುಂಬ್ಸೋದು ಬೇಡ್ವೇ ಬೇಡ, ಒದ್ದೆ ಆದ್ರೆ ಚದರ ಮೀಟರಿಗೆ 500 ಕೆಜಿ ದಾಟತ್ತೆ. ರಿಪೇರಿ ಆದ್ಮೇಲೆ ಕೋಕೋಪೀಟ್ ಹಾಕಿದ ಸಣ್ಣ ಕುಂಡಗಳನ್ನ ಗೋಡೆ ಸಾಲಿನ ಮೇಲೆ ಇಡಿ, ಸಾಕು.

ಮೇಸ್ತ್ರಿಗೆ ಇವತ್ತೇ ಫೋನ್ ಮಾಡಿ ಕೆಲಸ ನಿಲ್ಸಿ ಸರ್.

ಇಂತಿ,
ನಿಮ್ಮ ಕಾಂಟ್ರಾಕ್ಟರ್