ಫೋನ್ ಮಾಡುವ ಹೊತ್ತಿನ ಬಗ್ಗೆ ಅಪ್ಪ ಅಮ್ಮನಿಗೆ

ಡ್ರೆಸ್ಡೆನ್, ಜರ್ಮನಿ
18 ಅಕ್ಟೋಬರ್ 2025

ತೀರ್ಥರೂಪು ಅಪ್ಪ, ಅಮ್ಮನಿಗೆ ನಿಮ್ಮ ಸುಮಾ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಕ್ಲಾಸು ಶುರುವಾಗಿ ವಾರವಾಯಿತು, ಟೈಮ್‌ಟೇಬಲ್ ಕೈಗೆ ಬಂದಿದೆ. ಫೋನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಫೋನಿನ ಪಕ್ಕ ಅಂಟಿಸಿಕೊಳ್ಳಿ.

ಅಮ್ಮ, ನೀನು ಬೆಳಿಗ್ಗೆ ಎದ್ದ ಕೂಡಲೇ ಆರೂವರೆಗೆ ಫೋನ್ ಮಾಡುತ್ತೀಯಲ್ಲ, ಆಗ ಇಲ್ಲಿ ನಡುರಾತ್ರಿ ಮೂರು ಗಂಟೆ! ಇನ್ನು ಮೇಲೆ ರಾತ್ರಿ ಫೋನ್ ಸೈಲೆಂಟಲ್ಲಿ ಇಡುತ್ತೇನೆ. ಎತ್ತಲಿಲ್ಲ ಅಂತ ಗಾಬರಿಯಾಗಬೇಡ.

ಈಗ ನಿಮ್ಮ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಕ್ಟೋಬರ್ 26ರ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚ್ 29ರವರೆಗೆ ನಾಲ್ಕೂವರೆ ಗಂಟೆ ವ್ಯತ್ಯಾಸ. ಕೆಳಗೆ ಬರೆದಿರುವ ಫೋನಿನ ಹೊತ್ತೆಲ್ಲ ಆ ಲೆಕ್ಕದಲ್ಲಿ, ನಿಮ್ಮ ಗಡಿಯಾರದ ಪ್ರಕಾರ. 26ರವರೆಗೆ ಮಾತ್ರ ಒಂದು ಗಂಟೆ ಮೊದಲೇ ಮಾಡಿ.

ಸೋಮವಾರ, ಮಂಗಳವಾರ, ಗುರುವಾರ ಇಲ್ಲಿನ ಬೆಳಿಗ್ಗೆ 9:20ರಿಂದ ಸಂಜೆ 4:20ರವರೆಗೆ ಕ್ಲಾಸು. ಒಂದೊಂದು ಕ್ಲಾಸೂ ಒಂದೂವರೆ ಗಂಟೆ. ಬುಧವಾರ ಲ್ಯಾಬ್. ಫೋನು ಲಾಕರಿನಲ್ಲಿರುತ್ತದೆ, ಆ ದಿನ ಬಿಟ್ಟೇಬಿಡಿ. ಶುಕ್ರವಾರ ಒಂದೇ ಕ್ಲಾಸು.

ಅಪ್ಪ, "ಇಷ್ಟೇನಾ, ಉಳಿದ ಹೊತ್ತು ಏನು ಮಾಡ್ತೀಯ?" ಅಂತ ನೀವು ಕೇಳಿಯೇ ಕೇಳುತ್ತೀರಿ. ಇಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಕೆಲಸ ಅಂತ ಲೆಕ್ಕ. ಆರು ಕ್ರೆಡಿಟ್ಟಿನ ವಿಷಯಕ್ಕೆ 180 ಗಂಟೆ ಆಯಿತು. ಕ್ಲಾಸಲ್ಲಿ ಕೂರುವುದು ಅದರಲ್ಲಿ ಅರ್ಧವೂ ಇಲ್ಲ. ಮಿಕ್ಕಿದ್ದನ್ನೆಲ್ಲ ನಾವೇ ಓದಿಕೊಳ್ಳಬೇಕು. ದಿನಾ ಹಾಜರಿ ಕೇಳುವವರಿಲ್ಲ, ಹೋಂವರ್ಕ್ ಮಾಡಿದೆಯಾ ಅನ್ನುವವರೂ ಇಲ್ಲ. ಹೆಚ್ಚಿನ ವಿಷಯಗಳಿಗೆ ಕೊನೆಯ ಪರೀಕ್ಷೆಯ ಅಂಕವೇ ಅಂಕ. ಅದಕ್ಕೇ ಇಲ್ಲಿನ ಸಂಜೆ ಆರರಿಂದ ಹತ್ತರವರೆಗೆ ಲೈಬ್ರರಿಯಲ್ಲಿರುತ್ತೇನೆ, ಶನಿವಾರ ಪೂರ್ತಿ ಅಲ್ಲೇ. ನನಗಂತೂ ಈ ಪದ್ಧತಿ ಹಿಡಿಸಿದೆ.

ಹಾಗಾಗಿ ಮಂಗಳವಾರ, ಗುರುವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ. ನಿಮ್ಮದು ಊಟ ಆಗಿರುತ್ತದೆ, ನಾನು ಕ್ಲಾಸಿಂದ ರೂಮಿಗೆ ನಡೆದು ಹೋಗುತ್ತಿರುತ್ತೇನೆ. ಹತ್ತು ಹದಿನೈದು ನಿಮಿಷ ಆರಾಮಾಗಿ ಮಾತಾಡಬಹುದು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ವಿಡಿಯೋ ಕಾಲ್, ಎಷ್ಟು ಹೊತ್ತಾದರೂ ಸರಿ. ಅಪ್ಪನ ಮಧ್ಯಾಹ್ನದ ನಿದ್ದೆಯೂ ಅಷ್ಟು ಹೊತ್ತಿಗೆ ಮುಗಿದಿರುತ್ತದೆ, ಅಲ್ವಾ? ಸುಮ್ನೆ ಏನಾದರೂ ಹೇಳಬೇಕು ಅನ್ನಿಸಿದರೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿ, ಎದ್ದ ಮೇಲೆ ಕೇಳುತ್ತೇನೆ.

ತುರ್ತು ಇದ್ದರೆ ಹೊತ್ತು ಗೊತ್ತು ನೋಡಬೇಡಿ. ಬೆನ್ನುಬೆನ್ನಿಗೆ ಎರಡು ಸಲ ಮಾಡಿ. ಎರಡನೇ ಸಲಕ್ಕೆ ಸೈಲೆಂಟಲ್ಲಿದ್ದರೂ ರಿಂಗ್ ಆಗುವ ಹಾಗೆ ಸೆಟ್ ಮಾಡಿದ್ದೇನೆ. "ಅವಳಿಗ್ಯಾಕೆ ತೊಂದರೆ" ಅಂತ ಮೈ ಹುಷಾರಿಲ್ಲದ್ದನ್ನು ಮಾತ್ರ ಮುಚ್ಚಿಡಬೇಡಿ.

ಫೆಬ್ರವರಿಯಲ್ಲಿ ಪರೀಕ್ಷೆ. ಆಗ ಈ ಹೊತ್ತು ಬದಲಾಗಬಹುದು, ಮುಂಚೆಯೇ ತಿಳಿಸುತ್ತೇನೆ. ರಾತ್ರಿ ಒಂಬತ್ತು ಅಪ್ಪನಿಗೆ ತಡವಾಗುತ್ತದೆ ಅನ್ನಿಸಿದರೆ ಭಾನುವಾರ ಹೇಳಿ, ಬೇರೆ ಹೊತ್ತು ಹುಡುಕೋಣ.

ಇಂತಿ ನಿಮ್ಮ ಪ್ರೀತಿಯ ಮಗಳು,
ಸುಮಾ