ಹೆಚ್ಚುವರಿ ಹಣವಿಲ್ಲದೆ ಆರು ತಿಂಗಳ ಅವಧಿ ವಿಸ್ತರಣೆಗೆ ಕೋರಿಕೆ: ಹಳೆಯ ಟೇಪ್‌ಗಳ ಡಿಜಿಟಲೀಕರಣ ಯೋಜನೆ

ಜನವರಿ 19, 2026

ನಮಸ್ಕಾರ ಮೇಡಂ,

ಕಳೆದ ವಾರ ಫೋನಿನಲ್ಲಿ ಮಾತಾಡಿದಾಗ, "ಏನಾಗಿದೆ, ಮುಂದೇನು ಮಾಡ್ತೀರಿ, ಎಲ್ಲಾ ಬರವಣಿಗೆಯಲ್ಲಿ ಕೊಡಿ" ಅಂದಿದ್ದಿರಿ. ಅದಕ್ಕೇ ಈ ಪತ್ರ. ಮೊದಲೇ ವಿಷಯಕ್ಕೆ ಬಂದುಬಿಡುತ್ತೇನೆ. 2024ರ ಅಕ್ಟೋಬರ್ 1ರಂದು ಶುರುವಾದ ನಮ್ಮ 18 ತಿಂಗಳ ಯೋಜನೆ ಇದೇ ಮಾರ್ಚ್ 31ಕ್ಕೆ ಮುಗಿಯಬೇಕು. ಅದು ಆಗುವುದಿಲ್ಲ. ಸೆಪ್ಟೆಂಬರ್ 30ರವರೆಗೆ ಅವಧಿ ಕೊಡಿ ಎಂದು ಕೇಳುತ್ತಿದ್ದೇವೆ. ಹೊಸದಾಗಿ ಹಣ ಬೇಡ. ಕೈಯಲ್ಲಿ ಉಳಿದಿರುವುದರಲ್ಲೇ ಕೆಲಸ ಮುಗಿಸುತ್ತೇವೆ, ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಸ್ವಲ್ಪ ಹಣ ಬದಲಾಯಿಸಲು ಮಾತ್ರ ನಿಮ್ಮ ಒಪ್ಪಿಗೆ ಬೇಕು.

ಈಗ ಎಲ್ಲಿದ್ದೇವೆ ಅಂದರೆ, ಒಟ್ಟು 640 ಟೇಪ್‌ಗಳಲ್ಲಿ 520 ಕ್ಯಾಸೆಟ್, 120 ದೊಡ್ಡ ಸ್ಪೂಲ್. ಇವತ್ತಿಗೆ 371 ಕ್ಯಾಸೆಟ್ ಮುಗಿದಿವೆ. ಸ್ಪೂಲ್ ಮಾತ್ರ ಬರೀ 22. ಈ ಎರಡನೇ ಸಂಖ್ಯೆ ನೋಡಿದ ತಕ್ಷಣ ನಿಮಗೆ ಏನನ್ನಿಸುತ್ತದೆ ಅಂತ ಗೊತ್ತು, ನಮಗೂ ಅದೇ ಅನ್ನಿಸಿತ್ತು. ಟೇಪ್‌ಗಳ ಪಟ್ಟಿ ಮಾಡುವ ಕೆಲಸ ಬಹುತೇಕ ಮುಗಿದಿದೆ. ಯಾರ ದನಿ, ಯಾವ ಹಾಡು, ಯಾವ ಕಥೆ, ರೆಕಾರ್ಡ್ ಮಾಡಿದ್ದು ಯಾರು ಎಂಬ ವಿವರ 600ಕ್ಕೂ ಹೆಚ್ಚು ಟೇಪ್‌ಗಳಿಗೆ ಸಿಕ್ಕಿದೆ. ಟೇಪ್‌ಗಳಲ್ಲಿ ಹಾಡಿದವರು, ಮಾತಾಡಿದವರು ಒಟ್ಟು 210 ಜನ. ಅವರಿಂದ ಅಥವಾ ಅವರ ಮನೆಯವರಿಂದ ಒಪ್ಪಿಗೆ ಪಡೆಯಬೇಕಿತ್ತು, 118 ಆಗಿದೆ.

ತಡವಾಗಿದ್ದಕ್ಕೆ ಮೂರು ಕಾರಣ. ಮೂರರ ತೂಕವೂ ಒಂದೇ ಅಲ್ಲ.

ಮೊದಲನೆಯದು ಯಂತ್ರ. ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಸ್ಪೂಲ್ ಡೆಕ್‌ನ ಮೋಟರ್ ಕೆಟ್ಟಿತು. ಇಂಥ ಯಂತ್ರ ತಯಾರಿಸುವುದನ್ನು ನಿಲ್ಲಿಸಿ ದಶಕಗಳೇ ಆಗಿವೆ, ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಇನ್ನೊಂದು ಕೆಟ್ಟ ಯಂತ್ರ ಹುಡುಕಿ ಅದರಿಂದ ಕಿತ್ತು ಹಾಕಬೇಕು. ಹುಡುಕಿ, ತರಿಸಿ, ಹಾಕಿ, ವೇಗ ಸರಿ ಇದೆಯಾ ಎಂದು ಪರೀಕ್ಷೆ ಮಾಡುವಷ್ಟರಲ್ಲಿ ಒಂಬತ್ತು ವಾರ ಹೋಯಿತು. ಆ ಸಮಯದಲ್ಲಿ ಕ್ಯಾಸೆಟ್ ಕೆಲಸ ನಡೆಯುತ್ತಿತ್ತು, ಹಾಗಾಗಿ ಪೂರ್ತಿ ನಷ್ಟ ಅಲ್ಲ.

ಎರಡನೆಯದು, ಆಗಸ್ಟ್ ಕೊನೆಯಲ್ಲಿ ನಮ್ಮ ಸೌಂಡ್ ಇಂಜಿನಿಯರ್ ಬೇರೆ ಕೆಲಸ ಸಿಕ್ಕಿ ಹೋದರು. ಅವರ ಮೇಲೆ ಬೇಸರವೇನಿಲ್ಲ, ಒಂದೂವರೆ ವರ್ಷದ ಕೆಲಸಕ್ಕೆ ಬಂದವರು ಕಾಯಂ ಕೆಲಸ ಸಿಕ್ಕಾಗ ಬಿಡ್ತಾರಾ? ಹೊಸಬರು ಬರಲು ಏಳು ವಾರ ಆಯಿತು. ಈಗ ಅವರ ಜೊತೆ ಒಬ್ಬ ಸಹಾಯಕಿಯೂ ಡೆಕ್ ನಡೆಸಲು ಕಲಿತಿದ್ದಾರೆ. ಇನ್ನೊಮ್ಮೆ ಯಾರಾದರೂ ಬಿಟ್ಟು ಹೋದರೆ ಕೆಲಸ ನಿಲ್ಲಬಾರದಲ್ವಾ.

ಮೂರನೆಯದು ನಮ್ಮದೇ ತಪ್ಪು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅರ್ಜಿ ಹಾಕುವ ಮೊದಲು ಟೇಪ್‌ಗಳ ಸ್ಥಿತಿ ನೋಡಲು ನಾವು 10 ಸ್ಪೂಲ್ ತೆಗೆದು ಪರೀಕ್ಷೆ ಮಾಡಿದ್ದೆವು. ಹತ್ತೂ ಚೆನ್ನಾಗಿದ್ದವು. ಆದರೆ ಆ ಹತ್ತೂ ಕಪಾಟಿನ ಮೇಲಿನ ಅರೆಯವು. ಕೈಗೆ ಸಿಕ್ಕಿದ್ದನ್ನೇ ತೆಗೆದಿದ್ದೆವು. ಅದೇ ಲೆಕ್ಕದ ಮೇಲೆ ಇಡೀ ವೇಳಾಪಟ್ಟಿ ಹಾಕಿದೆವು. ನವೆಂಬರ್‌ನಲ್ಲಿ ಕೆಳಗಿನ ಅರೆಗೆ ಬಂದಾಗ ನಿಜ ಗೊತ್ತಾಯಿತು. ಮೊದಲ ಸ್ಪೂಲ್ ಹಾಕಿ ಒಂದು ನಿಮಿಷ ಆಗಿರಲಿಲ್ಲ, ಡೆಕ್ ಕೀಚ್ ಅಂತ ಕೂಗಿತು, ದನಿ ಮಂಕಾಯಿತು, ಟೇಪ್ ನಿಧಾನವಾಗಿ ನಿಂತೇಬಿಟ್ಟಿತು. ಹೆಡ್ ಮೇಲೆ ಬೆರಳಿಟ್ಟರೆ ಕಂದು ಬಣ್ಣದ ಅಂಟು. ಟೇಪಿನ ಮೇಲೆ ಕಾಂತೀಯ ಪುಡಿಯನ್ನು ಹಿಡಿದಿಡುವ ಒಂದು ಅಂಟು ಇರುತ್ತದೆ. 1970 ಮತ್ತು 80ರ ದಶಕದ ಕೆಲವು ಟೇಪ್‌ಗಳಲ್ಲಿ ಆ ಅಂಟು ವರ್ಷಗಟ್ಟಲೆ ಗಾಳಿಯ ತೇವ ಹೀರಿಕೊಂಡು ಮೆತ್ತಗಾಗಿಬಿಡುತ್ತದೆ. ಹಾಗೇ ಓಡಿಸಿದರೆ ಪುಡಿ ಕಿತ್ತು ಬರುತ್ತದೆ, ಅದರ ಜೊತೆ ದನಿಯೂ ಹೋಗುತ್ತದೆ. ತಕ್ಷಣ ನಿಲ್ಲಿಸಿದೆವು. ಉಳಿದ ಸ್ಪೂಲ್‌ಗಳನ್ನೆಲ್ಲ ಒಂದೊಂದಾಗಿ ನೋಡಿದಾಗ 46ಕ್ಕೆ ಇದೇ ರೋಗ.

ಇದಕ್ಕೆ ಉಪಾಯ ಇದೆ, ಕೇಳಲು ವಿಚಿತ್ರ ಅನ್ನಿಸಬಹುದು. ಟೇಪನ್ನು ಬಿಸಿ ಮಾಡಬೇಕು. ಉಷ್ಣತೆ ಏರುಪೇರಾಗದ ಪೆಟ್ಟಿಗೆಯಲ್ಲಿ ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ, ಕೆಲವಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಇಡಬೇಕು. ಆಮೇಲೆ ಅದರಷ್ಟಕ್ಕೆ ಅದು ತಣ್ಣಗಾಗಬೇಕು. ಆಗ ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ, ಅಷ್ಟರೊಳಗೆ ನಕಲು ತೆಗೆದುಕೊಳ್ಳಬೇಕು. ಎಲ್ಲಾ ಟೇಪಿಗೂ ಇದನ್ನು ಮಾಡುವ ಹಾಗಿಲ್ಲ. ಹಳೆಯ ಅಸಿಟೇಟ್ ಟೇಪನ್ನು ಬಿಸಿ ಮಾಡಿದರೆ ಹಾಳಾಗುತ್ತದೆ. ಹಾಗಾಗಿ ಪ್ರತಿ ಸ್ಪೂಲನ್ನೂ ದೀಪಕ್ಕೆ ಹಿಡಿದು ನೋಡುತ್ತೇವೆ. ಬೆಳಕು ಹಾಯ್ದರೆ ಅಸಿಟೇಟ್, ಅದನ್ನು ಪಕ್ಕಕ್ಕಿಡುತ್ತೇವೆ. ನಮ್ಮ 46 ಅಂಟು ಸ್ಪೂಲ್‌ಗಳಲ್ಲಿ ಒಂದೂ ಹಾಗಿಲ್ಲ, ಅದೊಂದು ಸಮಾಧಾನ. ಡಿಸೆಂಬರ್‌ನಲ್ಲಿ ಒಂದು ಪ್ರಯೋಗಾಲಯದಿಂದ ಪೆಟ್ಟಿಗೆ ಎರವಲು ತಂದು, ಏನೂ ಮುಖ್ಯವಾದದ್ದು ಇಲ್ಲದ, ಪಟ್ಟಿಗೆ ಸೇರದ ಒಂದು ಅಂಟು ಸ್ಪೂಲ್ ಮೇಲೆ ಮಾಡಿ ನೋಡಿದೆವು. ಬಿಸಿ ಮಾಡುವ ಮೊದಲು ಅರ್ಧ ನಿಮಿಷ ಓಡದಿದ್ದ ಟೇಪ್ ಆಮೇಲೆ ಕೊನೆಯವರೆಗೂ ಓಡಿತು. ಹೆಡ್ ಮೇಲೆ ಹತ್ತಿ ಆಡಿಸಿದರೆ ಬೆಳ್ಳಗೇ ಬಂತು. ಅದಾದ ಮೇಲೇ ಈ ಪತ್ರ ಬರೆಯುವ ಧೈರ್ಯ ಬಂದದ್ದು.

ಒಪ್ಪಿಗೆ ಪತ್ರಗಳು ನಿಧಾನ ಆಗಿರುವುದನ್ನು ನಾನು ಕಾರಣಗಳಲ್ಲಿ ಸೇರಿಸಿಲ್ಲ, ಅದು ಮೊದಲೇ ಊಹಿಸಬಹುದಿತ್ತು. ಹಾಡಿದವರು ತೀರಿಕೊಂಡಿದ್ದಾರೆ, ಮಕ್ಕಳು ಎಲ್ಲೆಲ್ಲೋ ಇದ್ದಾರೆ. ಸಿಕ್ಕವರು "ಮೊದಲು ಅಮ್ಮನ ದನಿ ಕೇಳಿಸಿ, ಆಮೇಲೆ ಸಹಿ" ಅನ್ನುತ್ತಾರೆ. ಅದು ನ್ಯಾಯವೇ. ಆದರೆ ಟೇಪ್ ಡಿಜಿಟಲ್ ಆಗದೆ ಕೇಳಿಸುವುದು ಹೇಗೆ? ಹಾಗಾಗಿ ಉಳಿದ 92 ಒಪ್ಪಿಗೆಗಳಲ್ಲಿ ಬಹುಪಾಲು ಸ್ಪೂಲ್ ಕೆಲಸದ ಹಿಂದೆಯೇ ಬರಬೇಕು.

ಇನ್ನು ಮುಂದಿನ ಯೋಜನೆ. ಟೇಪ್ ಎಷ್ಟು ಹೊತ್ತಿದೆಯೋ ಅಷ್ಟು ಹೊತ್ತು ಓಡಲೇಬೇಕು, ಬೇಗ ಓಡಿಸಿ ಮುಗಿಸಲು ಆಗುವುದಿಲ್ಲ. ಸ್ವಚ್ಛ ಮಾಡುವುದು, ಹೆಡ್ ಹೊಂದಿಸುವುದು, ಕೇಳಿ ಪರೀಕ್ಷಿಸುವುದು, ಹೆಸರು ಹಾಕಿ ಮೂರು ಕಡೆ ಪ್ರತಿ ಇಡುವುದು, ಎಲ್ಲಾ ಸೇರಿ ವಾರಕ್ಕೆ 11 ಕ್ಯಾಸೆಟ್ ಆಗುತ್ತಿದೆ. ಇದು ಕಳೆದ ಎರಡು ತಿಂಗಳ ನಿಜವಾದ ಸರಾಸರಿ, ಆಸೆಯ ಲೆಕ್ಕ ಅಲ್ಲ. ಉಳಿದ 149 ಕ್ಯಾಸೆಟ್ 14 ವಾರದಲ್ಲಿ, ಅಂದರೆ ಏಪ್ರಿಲ್ ಕೊನೆಗೆ ಮುಗಿಯುತ್ತವೆ. ಸ್ಪೂಲ್ ಇನ್ನೊಂದು ಡೆಕ್‌ನಲ್ಲಿ ಜೊತೆಜೊತೆಗೇ ನಡೆಯುತ್ತದೆ. ಬಿಸಿ ಮಾಡುವುದನ್ನೂ ಸೇರಿಸಿ ವಾರಕ್ಕೆ ನಾಲ್ಕು ಹಿಡಿದಿದ್ದೇವೆ. 98 ಸ್ಪೂಲ್‌ಗೆ 25 ವಾರ, ಜುಲೈ ಮಧ್ಯಕ್ಕೆ ಮುಗಿಯಬೇಕು. ಮೊದಲು ಅಂಟು ಸ್ಪೂಲ್‌ಗಳನ್ನೇ ಎತ್ತಿಕೊಳ್ಳುತ್ತೇವೆ, ಸುಲಭದ್ದನ್ನು ಮೊದಲು ಮಾಡಿ ಕಷ್ಟದ್ದನ್ನು ಕೊನೆಗೆ ಇಟ್ಟುಕೊಂಡು ಒಮ್ಮೆ ಪೆಟ್ಟು ತಿಂದಿದ್ದೇವೆ. ಜುಲೈನ ಉಳಿದ ಎರಡು ವಾರ ಖಾಲಿ ಬಿಟ್ಟಿದ್ದೇವೆ, ಯಂತ್ರ ಮತ್ತೆ ಕೈಕೊಟ್ಟರೆ ಬೇಕಾಗುತ್ತದೆ. ಆಗಸ್ಟ್ ಪೂರ್ತಿ ಒಪ್ಪಿಗೆಗೆ ಮತ್ತು ಪಟ್ಟಿ ತಿದ್ದಲು. ಸೆಪ್ಟೆಂಬರ್ ಮೊದಲ ವಾರ ಕಾರ್ಯಾಗಾರ, ಉಳಿದ ದಿನಗಳಲ್ಲಿ ಅಂತಿಮ ವರದಿ. ಒಪ್ಪಿಗೆ ಸಿಗದ ಟೇಪ್‌ಗಳನ್ನು ಡಿಜಿಟಲ್ ಮಾಡಿ ಒಳಗೇ ಇಡುತ್ತೇವೆ, ಹೊರಗಿನವರಿಗೆ ಕೇಳಿಸುವುದಿಲ್ಲ.

ಹಣದ ವಿಷಯ. ಡಿಸೆಂಬರ್ 31ಕ್ಕೆ ಅನುದಾನದಲ್ಲಿ ಶೇಕಡಾ 71 ಖರ್ಚಾಗಿದೆ, 29 ಉಳಿದಿದೆ. ಈ 29ರಲ್ಲಿ ಸಂಬಳಕ್ಕೆ 18, ಓಡಾಟಕ್ಕೆ 4, ಕಾರ್ಯಾಗಾರಕ್ಕೆ 4, ಡಿಸ್ಕ್‌ಗಳಿಗೆ 2, ರಿಪೇರಿಗೆ 1 ಎಂದಿದೆ. ಕಾರ್ಯಾಗಾರವನ್ನು ಹೊರಗೆ ಸಭಾಂಗಣ ಹಿಡಿಯದೆ ನಮ್ಮಲ್ಲೇ ಚಿಕ್ಕದಾಗಿ ಮಾಡುತ್ತೇವೆ, ಅದಕ್ಕೆ 1 ಸಾಕು. ಉಳಿಯುವ 3ರಲ್ಲಿ 2ನ್ನು ರಿಪೇರಿ ಬಾಬ್ತಿಗೆ ಹಾಕಿ ನಮ್ಮದೇ ಒಂದು ಬಿಸಿ ಪೆಟ್ಟಿಗೆ ಕೊಳ್ಳಬೇಕು, ಎರವಲು ತಂದದ್ದನ್ನು ಆರು ತಿಂಗಳು ಇಟ್ಟುಕೊಳ್ಳಲು ಆಗುವುದಿಲ್ಲ. ಇನ್ನೊಂದು 1 ಸಂಬಳಕ್ಕೆ. ಸೆಪ್ಟೆಂಬರ್‌ವರೆಗೆ ಸಂಬಳ ಸಾಲುತ್ತದಾ ಎಂದು ನೀವು ಖಂಡಿತ ಕೇಳುತ್ತೀರಿ. ಇಂಜಿನಿಯರ್ ಇಲ್ಲದ ಏಳು ವಾರದ ಹಣ ಉಳಿದಿದೆ. ಪಟ್ಟಿ ಮಾಡುವವರ ಕೆಲಸ ಮಾರ್ಚ್‌ಗೆ ಮುಗಿಯುತ್ತದೆ, ಆಮೇಲೆ ಬರುವ ಸಣ್ಣಪುಟ್ಟ ತಿದ್ದುಪಡಿ ನಾನೇ ಮಾಡುತ್ತೇನೆ. ನನ್ನ ಸಂಬಳವನ್ನು ಏಪ್ರಿಲ್‌ನಿಂದ ಸಂಸ್ಥೆಯೇ ಕೊಡುತ್ತದೆ, ಆಡಳಿತ ಮಂಡಳಿ ಒಪ್ಪಿದೆ. ಬಾಡಿಗೆ, ಕರೆಂಟು ಕೂಡ ಏಪ್ರಿಲ್‌ನಿಂದ ನಮ್ಮದೇ.

ವಿಸ್ತರಣೆ ಆಗದಿದ್ದರೆ ಏನು? ಮಾರ್ಚ್ 31ಕ್ಕೆ ನಿಲ್ಲಿಸಿದರೆ ಈಗಿನ ವೇಗದಲ್ಲಿ 39 ಕ್ಯಾಸೆಟ್, 58 ಸ್ಪೂಲ್ ಉಳಿಯುತ್ತವೆ. ಉಳಿದ ಹಣ ವಾಪಸ್ ಕಳಿಸುತ್ತೇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸ್ಪೂಲ್‌ಗಳು ಕಾಯುವ ಜಾತಿಯವಲ್ಲ. ಮೂರು ತಿಂಗಳಾದರೂ ಕೊಡಿ ಎಂದು ಕೇಳಬಹುದಿತ್ತು, ಕೇಳಲು ಸುಲಭ ಕೂಡ. ಆದರೆ ಮೂರು ತಿಂಗಳಲ್ಲಿ ಸ್ಪೂಲ್ ಮುಗಿಯುವುದಿಲ್ಲ, ಜೂನ್‌ನಲ್ಲಿ ಮತ್ತೆ ಇದೇ ಪತ್ರ ಬರೆಯಬೇಕಾಗುತ್ತದೆ. ಎರಡನೇ ಸಲ ಕೇಳುವ ಆಸೆ ನಮಗಿಲ್ಲ.

ಇಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ವರದಿ ಕಳಿಸುತ್ತಿದ್ದೆವು. ಏಪ್ರಿಲ್‌ನಿಂದ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಒಂದು ಪುಟ ಕಳಿಸುತ್ತೇವೆ: ಎಷ್ಟು ಟೇಪ್ ಆಯಿತು, ಎಷ್ಟು ಒಪ್ಪಿಗೆ ಬಂತು, ಎಷ್ಟು ಖರ್ಚಾಯಿತು, ಅಷ್ಟೇ. ನವೆಂಬರ್‌ನಲ್ಲಿ ಅಂಟು ಸ್ಪೂಲ್ ಸಿಕ್ಕ ದಿನವೇ ನಿಮಗೆ ಹೇಳಬೇಕಿತ್ತು. ಏನಾದರೂ ದಾರಿ ಸಿಗಲಿ, ಆಮೇಲೆ ಹೇಳೋಣ ಅಂತ ಕೂತೆವು. ಅದು ಸರಿಯಾಗಲಿಲ್ಲ.

ತಿದ್ದಿದ ವೇಳಾಪಟ್ಟಿ, ಬಜೆಟ್ ಹಾಳೆ, ಆಡಳಿತ ಮಂಡಳಿಯ ಪತ್ರ, ಬಿಸಿ ಮಾಡುವ ಮೊದಲು ಮತ್ತು ನಂತರದ ಎರಡು ಚಿಕ್ಕ ಆಡಿಯೋ ತುಣುಕು ಇದರ ಜೊತೆ ಇವೆ. ಬೇರೇನೂ ನೋಡದಿದ್ದರೂ ಆ ಆಡಿಯೋ ಒಮ್ಮೆ ಕೇಳಿ. ಇಂಜಿನಿಯರ್ ಮತ್ತು ಸಹಾಯಕಿಯ ಕರಾರನ್ನು ಫೆಬ್ರವರಿ ಕೊನೆಯೊಳಗೆ ಮುಂದುವರಿಸಬೇಕು, ಇಲ್ಲದಿದ್ದರೆ ಅವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಹಾಗಾಗಿ ಫೆಬ್ರವರಿ 20ರ ಹೊತ್ತಿಗೆ ನಿಮ್ಮ ಉತ್ತರ ಸಿಕ್ಕರೆ ತುಂಬಾ ಅನುಕೂಲ. ಯಾವ ಲೆಕ್ಕದಲ್ಲಾದರೂ ಅನುಮಾನ ಇದ್ದರೆ ಫೋನ್ ಮಾಡಿ, ಹಾಳೆ ಮುಂದಿಟ್ಟುಕೊಂಡೇ ಮಾತಾಡುತ್ತೇನೆ.

ವಂದನೆಗಳೊಂದಿಗೆ,
ಯೋಜನೆಯ ಸಂಯೋಜಕಿ