ರೆಸ್ಯೂಮೆ: ಫೈನಾನ್ಷಿಯಲ್ ಅನಲಿಸ್ಟ್, 7 ವರ್ಷದ ಅನುಭವ

ನನ್ನ ಬಗ್ಗೆ

ಕಂಪನಿಯ ಹಣಕಾಸು ಮಾಡೆಲ್ ಕಟ್ಟುತ್ತೇನೆ, ಮುಂದಿನ ತಿಂಗಳುಗಳ ಅಂದಾಜು ಕೊಡುತ್ತೇನೆ, ವ್ಯಾಲ್ಯುಯೇಷನ್ ಮಾಡುತ್ತೇನೆ. ಕೊಟ್ಟ ಅಂದಾಜನ್ನು ಅಲ್ಲಿಗೇ ಬಿಡುವುದಿಲ್ಲ. ತಿಂಗಳು ಮುಗಿದ ಮೇಲೆ ನಿಜವಾದ ಅಂಕಿಯ ಪಕ್ಕದಲ್ಲಿಟ್ಟು ಎಷ್ಟು ತಪ್ಪಿತು, ಯಾಕೆ ತಪ್ಪಿತು ಅಂತ ಬರೆದಿಡುತ್ತೇನೆ. ನಾಲ್ಕು ವರ್ಷದ ಆ ದಾಖಲೆ ನನ್ನ ಕೆಲಸದ ಮುಖ್ಯ ಭಾಗ.

ಸೀನಿಯರ್ ಅನಲಿಸ್ಟ್, ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿ (2021ರಿಂದ ಇಂದಿನವರೆಗೆ)

*ಫೋರ್‌ಕಾಸ್ಟ್ ನಿಖರತೆ.* ಮೂರು ತಿಂಗಳು ಮುಂಚೆ ಕೊಟ್ಟ ಮಾರಾಟದ ಅಂದಾಜಿನ ತಪ್ಪು 2021ರಲ್ಲಿ ಶೇ 11.8 ಇತ್ತು. 2022ರಲ್ಲಿ 9.1, 2023ರಲ್ಲಿ 6.4, 2024ರಲ್ಲಿ 5.2ಕ್ಕೆ ಇಳಿಯಿತು. ನಾಲ್ಕೂ ವರ್ಷ ಲೆಕ್ಕದ ವಿಧಾನ ಒಂದೇ:

```
=SUMPRODUCT(ABS(Actual-Forecast))/SUM(Actual)
```

ತಪ್ಪಿನ ಗಾತ್ರಕ್ಕಿಂತ ಅದರ ದಿಕ್ಕು ನನ್ನನ್ನು ಜಾಸ್ತಿ ಕಾಡಿತ್ತು. ನಮ್ಮ ಅಂದಾಜು ಹೆಚ್ಚುಕಡಿಮೆ ಪ್ರತಿ ತಿಂಗಳೂ ನಿಜಕ್ಕಿಂತ ಮೇಲೇ ಇರುತ್ತಿತ್ತು, ಸರಾಸರಿ ಶೇ 7ರಷ್ಟು. ಎರಡು ವರ್ಷದ ಡೆಲಿವರಿ ಚಲನ್‌ಗಳನ್ನು ತೆಗೆದು ನೋಡಿದೆ. ಗ್ರಾಹಕರಿಗೆ ಹೇಳಿದ ತಾರೀಖಿಗಿಂತ ಸರಕು ಸರಾಸರಿ 19 ದಿನ ತಡವಾಗಿ ಹೋಗುತ್ತಿತ್ತು. ಮಾಡೆಲ್ ಮಾತ್ರ ಹೇಳಿದ ತಾರೀಖನ್ನೇ ನಂಬಿತ್ತು. ವ್ಯಾಪಾರ ಬೆಳೆಯುತ್ತಿದ್ದುದರಿಂದ ಆ ವ್ಯತ್ಯಾಸ ಯಾವತ್ತೂ ಸರಿಹೋಗುತ್ತಿರಲಿಲ್ಲ. ಪ್ರತಿ ಘಟಕದ ನಿಜವಾದ ವಿಳಂಬವನ್ನು ಮಾಡೆಲ್‌ಗೆ ಸೇರಿಸಿದ ಮೇಲೆ ಆ ವಾಲು ಶೇ 1ಕ್ಕೆ ಬಂತು.

ಎಲ್ಲಾ ತಿಂಗಳೂ ಚೆನ್ನಾಗಿರಲಿಲ್ಲ. 2022ರಲ್ಲಿ ಒಂದು ತಿಂಗಳು ಶೇ 17 ತಪ್ಪಿತು. ದೊಡ್ಡ ಗ್ರಾಹಕರೊಬ್ಬರು ಆರ್ಡರ್ ನಿಲ್ಲಿಸಿದ್ದರು. ಅಂದಿನಿಂದ ಮೊದಲ 10 ಗ್ರಾಹಕರ ಅಂದಾಜನ್ನು ಬೇರೆಯಾಗಿಯೇ ಮಾಡಿ, ಮಾರಾಟ ತಂಡದ ಜೊತೆ ಕೂತು ಒಬ್ಬೊಬ್ಬರ ಬಗ್ಗೆಯೂ ಕೇಳುತ್ತೇನೆ.

*ಕಟ್ಟಿದ ಮಾಡೆಲ್‌ಗಳು.* ಲಾಭ-ನಷ್ಟ, ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ ಮೂರೂ ಒಂದಕ್ಕೊಂದು ಬೆಸೆದಿರುವ ಐದು ವರ್ಷದ ಮಾಡೆಲ್. ಇದು ಮೂರು ಘಟಕಗಳನ್ನು ಒಟ್ಟು ಸೇರಿಸುತ್ತದೆ. ಬಡ್ಡಿಯನ್ನು ವರ್ಷದ ಆರಂಭದ ಸಾಲದ ಮೇಲೆ ಲೆಕ್ಕ ಹಾಕಿದ್ದೇನೆ. ಸರಾಸರಿ ಸಾಲ ಹಿಡಿದರೆ ಲೆಕ್ಕ ಸುತ್ತು ಹೊಡೆಯುತ್ತದೆ, ಒಮ್ಮೆ ಎರರ್ ಬಂದರೆ ಇಡೀ ಫೈಲ್‌ಗೆ ಹರಡುತ್ತದೆ. ಸ್ವಲ್ಪ ನಿಖರತೆ ಹೋದರೂ ಈ ದಾರಿಯೇ ವಾಸಿ.

13 ವಾರದ ಕ್ಯಾಶ್ ಫ್ಲೋ ಮಾಡೆಲ್ ಕೂಡ ನನ್ನದೇ. ದೊಡ್ಡ 40 ಗ್ರಾಹಕರು ಬಿಲ್‌ನಲ್ಲಿರುವ ಗಡುವಿಗೆ ಅಲ್ಲ, ನಿಜವಾಗಿ ಯಾವಾಗ ಹಣ ಕೊಡುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ. ನಾಲ್ಕು ವಾರ ಮುಂದಿನ ಒಟ್ಟು ವಸೂಲಿ ಈಗ ಶೇ 4ರ ಒಳಗೆ ಸಿಗುತ್ತದೆ.

*ವರದಿಯ ಚಕ್ರ.* ತಿಂಗಳ ಮ್ಯಾನೇಜ್‌ಮೆಂಟ್ ವರದಿ ಮೊದಲು 9ನೇ ಕೆಲಸದ ದಿನ ಹೋಗುತ್ತಿತ್ತು. ಈಗ 5ನೇ ದಿನ ಹೋಗುತ್ತದೆ. ಮೊದಲ ದಿನ ಟ್ರಯಲ್ ಬ್ಯಾಲೆನ್ಸ್, ಎರಡನೇ ದಿನ ಘಟಕಗಳ ನಡುವಿನ ವ್ಯವಹಾರದ ತಾಳೆ, ಮೂರನೇ ದಿನ ಬೆಲೆ, ಪ್ರಮಾಣ, ಮಿಕ್ಸ್ ಅಂತ ಬಿಡಿಸಿದ ವ್ಯತ್ಯಾಸ. ನಾಲ್ಕನೇ ದಿನ ಪೂರ್ತಿ ಘಟಕದ ಮುಖ್ಯಸ್ಥರ ಜೊತೆ ಮಾತು. ಈ ದಿನವನ್ನು ನಾನು ಯಾವತ್ತೂ ಕತ್ತರಿಸುವುದಿಲ್ಲ. ಕಾರಣ ಗೊತ್ತಿಲ್ಲದ ವ್ಯತ್ಯಾಸವನ್ನು ಸುಮ್ನೆ ಅಂಕಿಯಾಗಿ ಕಳಿಸಿದರೆ ಓದುವವರಿಗೆ ಏನು ಪ್ರಯೋಜನ? ಮೂರು ತಿಂಗಳಿಗೊಮ್ಮೆ ಸಾಲದ ಷರತ್ತುಗಳ ಲೆಕ್ಕ, ಆಡಳಿತ ಮಂಡಳಿಯ ವರದಿ. ವಾರ್ಷಿಕ ಬಜೆಟ್ 7 ವಾರದಲ್ಲಿ ಮುಗಿಯುತ್ತದೆ, ಮೊದಲು 12 ವಾರ ಹಿಡಿಯುತ್ತಿತ್ತು.

*ವ್ಯಾಲ್ಯುಯೇಷನ್.* 2023ರಲ್ಲಿ ಒಂದು ಸಣ್ಣ ಕಂಪನಿಯನ್ನು ಕೊಳ್ಳುವ ಪ್ರಸ್ತಾಪಕ್ಕೆ ಡಿಸ್ಕೌಂಟೆಡ್ ಕ್ಯಾಶ್ ಫ್ಲೋ ಮಾಡಿದೆ. ಮೊದಲ ಕರಡಿನಲ್ಲಿ ಒಟ್ಟು ಮೌಲ್ಯದ ಶೇ 74 ಟರ್ಮಿನಲ್ ವ್ಯಾಲ್ಯೂನಿಂದ ಬಂದಿತ್ತು. ಅದು ಇಬಿಟ್ಡಾದ 11.3 ಪಟ್ಟು ಆಗುತ್ತಿತ್ತು, ಹೋಲಿಕೆಯ ಕಂಪನಿಗಳು 7ರಿಂದ 9 ಪಟ್ಟಿನಲ್ಲಿದ್ದವು. ಹುಡುಕಿದಾಗ ಕೊನೆಯ ವರ್ಷದ ಬಂಡವಾಳ ವೆಚ್ಚ ಸವಕಳಿಗಿಂತ ಕಡಿಮೆ ಇತ್ತು. ಯಂತ್ರ ಸವೆಯುತ್ತಲೇ ಇರುತ್ತದೆ, ಬೆಳವಣಿಗೆಯೂ ನಿಲ್ಲುವುದಿಲ್ಲ ಅಂದರೆ ಹೇಗೆ? ಸರಿಮಾಡಿದೆ. 8.9 ಪಟ್ಟಿಗೆ ಬಂತು, ಕಂಪನಿಯ ಮೌಲ್ಯ ಶೇ 16 ಇಳಿಯಿತು. ನಮ್ಮವರು ಆ ಲೆಕ್ಕ ಹಿಡಿದೇ ಮಾತುಕತೆಗೆ ಕೂತರು. ಪ್ರತಿ ವರ್ಷ ಐಎಎಸ್ 36 ಪ್ರಕಾರ ಗುಡ್‌ವಿಲ್ ಪರೀಕ್ಷೆಯನ್ನೂ ಮಾಡುತ್ತೇನೆ.

ಅನಲಿಸ್ಟ್, ವ್ಯಾಲ್ಯುಯೇಷನ್ ಸಲಹಾ ಸಂಸ್ಥೆ (2018–2021)

22 ವ್ಯಾಲ್ಯುಯೇಷನ್ ವರದಿಗಳಲ್ಲಿ ಕೆಲಸ ಮಾಡಿದೆ, 6ರಲ್ಲಿ ಪೂರ್ತಿ ಮಾಡೆಲ್ ನನ್ನದು. ಹೋಲಿಕೆಗೆ ಕಂಪನಿಗಳನ್ನು ಆರಿಸುವುದು, ಬೀಟಾ ಮತ್ತು ಬಂಡವಾಳದ ವೆಚ್ಚ ಲೆಕ್ಕ ಹಾಕುವುದು, ಆಡಿಟರ್‌ಗಳ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡುವುದು ಇಲ್ಲೇ ಕಲಿತದ್ದು.

ಓದು ಮತ್ತು ಉಪಕರಣ

ವಾಣಿಜ್ಯ ಪದವಿ, ಹಣಕಾಸಿನಲ್ಲಿ ಸ್ನಾತಕೋತ್ತರ ಪದವಿ. ಸಿಎಫ್ಎ ಎರಡನೇ ಹಂತ ಪಾಸಾಗಿದೆ. ಎಕ್ಸೆಲ್, ಪವರ್ ಕ್ವೆರಿ, ಪವರ್ ಬಿಐ ದಿನವೂ ಬಳಸುತ್ತೇನೆ. ಎಸ್‌ಕ್ಯೂಎಲ್‌ನಲ್ಲಿ ಬೇಕಾದ ಡೇಟಾ ನಾನೇ ತೆಗೆದುಕೊಳ್ಳಬಲ್ಲೆ, ಪೈಥಾನ್ ಇನ್ನೂ ಕಲಿಯುತ್ತಿದ್ದೇನೆ.

ಸಂದರ್ಶನಕ್ಕೆ ಹೆಸರು, ಗುಟ್ಟಿನ ಅಂಕಿ ಎಲ್ಲ ತೆಗೆದ ಒಂದು ಮಾದರಿ ಮಾಡೆಲ್ ತರುತ್ತೇನೆ. ನೋಟಿಸ್ ಅವಧಿ 60 ದಿನ.